ವೀಟ್ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗ: ನನಗೆ ತಡವಾಗಿ ಅರ್ಥವಾದದ್ದು

ಮಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಟ್ರೈನಿಯಾಗಿ ಸೇರಿ ನಾಲ್ಕು ತಿಂಗಳಾಯಿತು. ಹೆಫೆವೈಝನ್ ವಿಷಯದಲ್ಲಿ ನಾನು ಪೂರ್ತಿ ಎಡವಿಬಿದ್ದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಮರೆಯುವ ಮೊದಲೇ ಬರೆದಿಟ್ಟುಕೊಳ್ಳೋಣ ಅಂತ. ಬವೇರಿಯಾದ ಈ ಸೋಸದ ಗೋಧಿ ಬಿಯರ್‌ಗೆ ಯಾರೂ ಬಾಳೆಹಣ್ಣು ಹಾಕುವುದಿಲ್ಲ, ಲವಂಗವನ್ನೂ ಹಾಕುವುದಿಲ್ಲ. ಎರಡು ಪರಿಮಳವನ್ನೂ ಮಾಡುವುದು ಯೀಸ್ಟ್. ಇಷ್ಟು ಎಲ್ಲರಿಗೂ ಗೊತ್ತು, ಮುಂದೆ ಹೋಗೋಣ.

ನನ್ನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಹೀಗೆ ಬರೆದಿತ್ತು: "ತಣ್ಣಗಿಟ್ಟರೆ ಲವಂಗ, ಬೆಚ್ಚಗಿಟ್ಟರೆ ಬಾಳೆ." ಈ ಸಾಲು ಎಲ್ಲರ ಬಾಯಲ್ಲೂ ಇರುತ್ತದೆ. ನನಗೆ ಲವಂಗ ಬೇಕಿತ್ತು. ಅದಕ್ಕೆ ಮೊದಲ ಬ್ಯಾಚ್‌ನಲ್ಲಿ ಯೀಸ್ಟ್ ಕೆಲಸ ಮಾಡುವ ಟ್ಯಾಂಕನ್ನು 17 ಡಿಗ್ರಿಯಲ್ಲಿ ನಿಲ್ಲಿಸಿದೆ. ರುಚಿ ನೋಡಿದರೆ ಬಾಳೆ ಇಲ್ಲ, ಅದು ಸರಿ, ಆದರೆ ಲವಂಗವೂ ಹೆಸರಿಗಷ್ಟೇ! ಸುಮ್ನೆ ಗೋಧಿ ಹಿಟ್ಟಿನ ವಾಸನೆಯ ತೆಳು ಬಿಯರ್. ನಮ್ಮ ಹೆಡ್ ಬ್ರೂವರ್ ಒಂದು ಗುಟುಕು ಕುಡಿದು ಕೇಳಿದರು: "ಎಂಥ ಮಾರಾಯ, ಅಕ್ಕಿಯೇ ನೆನೆ ಹಾಕದೆ ಹಿಟ್ಟು ಹುಳಿ ಬರಬೇಕು ಅಂದರೆ ಹೇಗೆ? ಮ್ಯಾಶ್‌ನಲ್ಲಿ ಎಂಥ ಮಾಡಿದ್ದಿ?"

ಮ್ಯಾಶ್ ಅಂದರೆ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳನ್ನು, ಬಿಸಿ ನೀರಿನಲ್ಲಿ ನೆನೆಸುವ ಹಂತ. ಅದಕ್ಕೂ ಲವಂಗಕ್ಕೂ ಏನು ಸಂಬಂಧ ಅಂತ ನನಗೆ ಹೊಳೆಯಲೇ ಇಲ್ಲ. ನಾನು ಎಡವಿದ್ದು ಅಲ್ಲೇ.

ಲವಂಗ

ಲವಂಗದ ವಾಸನೆ ಕೊಡುವ ವಸ್ತುವಿನ ಹೆಸರು 4-ವಿನೈಲ್ ಗ್ವಾಯಕಾಲ್. ನಿಜವಾದ ಲವಂಗದಲ್ಲಿ ಇರುವುದು ಯೂಜಿನಾಲ್, ಇದು ಅದರ ಹತ್ತಿರದ ನೆಂಟ. ಯೀಸ್ಟ್ ಇದನ್ನು ಸೊನ್ನೆಯಿಂದ ಕಟ್ಟುವುದಿಲ್ಲ. ಮ್ಯಾಶ್‌ನಿಂದ ಸಿಗುವ ಸಿಹಿ ರಸಕ್ಕೆ ವರ್ಟ್ ಅನ್ನುತ್ತಾರೆ. ಆ ವರ್ಟ್‌ನಲ್ಲಿ ಮೊದಲೇ ಇರುವ ಫೆರುಲಿಕ್ ಆಸಿಡ್ ಅನ್ನುವ ವಸ್ತುವಿನಿಂದ ಒಂದು ಕಾರ್ಬನ್ ಡೈಆಕ್ಸೈಡ್ ಕಿತ್ತು ಹಾಕುತ್ತದೆ, ಅಷ್ಟೇ ಕೆಲಸ.

```
C10H10O4  →  C9H10O2 + CO2
  194     →    150   +  44
```

ಈ ಎರಡು ಸಾಲನ್ನು ನಾನು ಹತ್ತು ಸಲ ಬರೆದಿರಬೇಕು. ಯಾಕೆಂದರೆ ಗುಟ್ಟು ಇರುವುದು ಇಲ್ಲೇ. ಒಂದು ಫೆರುಲಿಕ್ ಆಸಿಡ್‌ಗೆ ಒಂದೇ ಒಂದು ವಿನೈಲ್ ಗ್ವಾಯಕಾಲ್. ಉದಾಹರಣೆಗೆ ಒಂದು ಲೀಟರ್ ವರ್ಟ್‌ನಲ್ಲಿ 2 ಮಿಲಿಗ್ರಾಂ ಫೆರುಲಿಕ್ ಆಸಿಡ್ ಬಿಡಿಯಾಗಿ ಇದೆ ಅಂದುಕೊಳ್ಳಿ. 150 ಅನ್ನು 194ರಿಂದ ಭಾಗಿಸಿದರೆ ಸುಮಾರು 0.77. ಅಂದರೆ ಯೀಸ್ಟ್ ಎಷ್ಟೇ ದುಡಿದರೂ 1.5 ಮಿಲಿಗ್ರಾಂ ಮೇಲೆ ಲವಂಗ ಬರುವ ಹಾಗೇ ಇಲ್ಲ. ಟ್ಯಾಂಕನ್ನು ತಣ್ಣಗಿಟ್ಟರೂ ಬೆಚ್ಚಗಿಟ್ಟರೂ ಈ ಮಿತಿ ದಾಟುವುದಿಲ್ಲ. ನಮ್ಮ ಮೂಗಿಗೆ ಲವಂಗ ಗೊತ್ತಾಗಲು ಲೀಟರಿಗೆ ಸುಮಾರು 0.3 ಮಿಲಿಗ್ರಾಂ ಸಾಕು. ನನ್ನ ಮೊದಲ ಬ್ಯಾಚ್ ಆ ಗೆರೆಯ ಆಸುಪಾಸಿನಲ್ಲೇ ತೆವಳಿರಬೇಕು.

ಹಾಗಾದರೆ ಫೆರುಲಿಕ್ ಆಸಿಡ್ ಎಲ್ಲಿಂದ ಬರಬೇಕು? ಕಾಳಿನ ಜೀವಕೋಶದ ಗೋಡೆಯಲ್ಲಿ ಅರಾಬಿನೋಝೈಲಾನ್ ಅನ್ನುವ ನಾರಿಗೆ ಅದು ಅಂಟಿಕೊಂಡಿರುತ್ತದೆ. ಹಾಗೆ ಅಂಟಿಕೊಂಡಿರುವುದು ಯೀಸ್ಟ್‌ಗೆ ಉಪಯೋಗವಿಲ್ಲ. ಅದನ್ನು ಬಿಡಿಸುವ ಎನ್ಝೈಮ್ ಮಾಲ್ಟ್‌ನಲ್ಲೇ ಇದೆ, ಆದರೆ ಅದಕ್ಕೆ ಬೇಕಾದದ್ದು 43ರಿಂದ 45 ಡಿಗ್ರಿ ಬಿಸಿ. ನಾನು ಮಾಡಿದ್ದು ಏನು? ಮಾಲ್ಟನ್ನು ನೇರವಾಗಿ 65 ಡಿಗ್ರಿ ಮ್ಯಾಶ್‌ಗೆ ಸುರಿದದ್ದು. ಆ ಬಿಸಿಗೆ ಎನ್ಝೈಮ್ ಬೇಗ ಸತ್ತುಹೋಗುತ್ತದೆ. ಮಾಲ್ಟಿಂಗ್ ಸಮಯದಲ್ಲೇ ಬಿಟ್ಟುಕೊಂಡಿದ್ದ ಅಷ್ಟಿಷ್ಟು ಆಸಿಡ್ ಮಾತ್ರ ವರ್ಟ್‌ಗೆ ಬಂತು. ಅಕ್ಕಿ ನೆನೆ ಹಾಕದ ಕಥೆ ಇದೇ.

ಎರಡನೇ ಬ್ಯಾಚ್‌ನಲ್ಲಿ ಮ್ಯಾಶ್ ಬಿಟ್ಟು ಬೇರೇನನ್ನೂ ಬದಲಿಸಲಿಲ್ಲ. 60 ಭಾಗ ಗೋಧಿ ಮಾಲ್ಟ್, 40 ಭಾಗ ಬಾರ್ಲಿ ಮಾಲ್ಟ್, ಅದೇ ಯೀಸ್ಟ್, ಅದೇ 17 ಡಿಗ್ರಿ. ಮ್ಯಾಶನ್ನು ಮಾತ್ರ 44 ಡಿಗ್ರಿಯಲ್ಲಿ 20 ನಿಮಿಷ ನಿಲ್ಲಿಸಿ, ಆಮೇಲೆ 63ಕ್ಕೆ, ಕೊನೆಗೆ 72ಕ್ಕೆ ಏರಿಸಿದೆ. ಇನ್ನೊಂದು ಸಣ್ಣ ವಿಷಯ: ಮೊದಲೆಲ್ಲ ನಾವು ಲ್ಯಾಕ್ಟಿಕ್ ಆಸಿಡನ್ನು ಶುರುವಿನಲ್ಲೇ ಹಾಕುತ್ತಿದ್ದೆವು. ಈ ಎನ್ಝೈಮ್‌ಗೆ ಹುಳಿ ಜಾಸ್ತಿಯಾದರೆ ಆಗುವುದಿಲ್ಲ, ಪಿಎಚ್ 5.7ರ ಹತ್ತಿರ ಇದ್ದರೆ ಒಳ್ಳೆಯದು. ಅದಕ್ಕೆ 44ರ ವಿರಾಮ ಮುಗಿದ ಮೇಲೆ ಆಸಿಡ್ ಹಾಕಿದೆ. ಈ ಸಲ ಗ್ಲಾಸ್ ಮೂಗಿನ ಹತ್ತಿರ ತರುವಾಗಲೇ ಲವಂಗ ಬಂತು.

ಇಲ್ಲಿ ಇನ್ನೊಂದು ತಪ್ಪು ಮಾಡುವವನಿದ್ದೆ. ಗೋಧಿ ಬಿಯರ್‌ನ ಗುರುತೇ ಲವಂಗ ಅಲ್ವಾ, ಗೋಧಿ ಜಾಸ್ತಿ ಹಾಕಿದರೆ ಲವಂಗವೂ ಜಾಸ್ತಿ ಅಂತ ಲೆಕ್ಕ ಹಾಕಿದ್ದೆ. ಉಲ್ಟಾ! ಬಾರ್ಲಿ ಮಾಲ್ಟ್‌ನಿಂದಲೇ ಬಿಡಿ ಫೆರುಲಿಕ್ ಆಸಿಡ್ ಜಾಸ್ತಿ ಸಿಗುತ್ತದೆ. ಜರ್ಮನಿಯ ನಿಯಮದಂತೆ ವೈಸ್‌ಬಿಯರ್‌ನಲ್ಲಿ ಕನಿಷ್ಠ ಅರ್ಧ ಗೋಧಿ ಮಾಲ್ಟ್ ಇರಬೇಕು. ಲವಂಗ ಬೇಕಿದ್ದವರು ಆ ಅರ್ಧದಿಂದ ತೀರಾ ಮೇಲೆ ಹೋಗದಿರುವುದೇ ಲೇಸು.

ಇಷ್ಟೆಲ್ಲ ಮಾಡಿದರೂ ಯೀಸ್ಟ್ ಸರಿಯಾದದ್ದು ಇರಬೇಕು. ಕಾರ್ಬನ್ ಡೈಆಕ್ಸೈಡ್ ಕಿತ್ತು ಹಾಕಲು ಪ್ಯಾಡ್1, ಎಫ್‌ಡಿಸಿ1 ಅನ್ನುವ ಎರಡು ಜೀನ್‌ಗಳೂ ಕೆಲಸ ಮಾಡಬೇಕು. ಸಾಮಾನ್ಯ ಏಲ್ ಮತ್ತು ಲಾಗರ್ ಯೀಸ್ಟ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಅವು ಕೆಟ್ಟುಹೋಗಿವೆ. ವೈಹೆನ್‌ಸ್ಟೆಫಾನ್ 68ರಂತಹ ವೀಟ್ ಯೀಸ್ಟ್‌ಗಳಲ್ಲಿ ಗಟ್ಟಿಯಾಗಿವೆ. ಅದಕ್ಕೇ ಪೇಲ್ ಏಲ್‌ನಲ್ಲಿ ಲವಂಗ ಬಂದರೆ ಖುಷಿಪಡಬೇಡಿ. ಪೈಪಿನಲ್ಲೋ ಟ್ಯಾಂಕಿನಲ್ಲೋ ವೀಟ್ ಯೀಸ್ಟ್ ಉಳಿದಿದೆ, ಇಲ್ಲವೇ ಕಾಡು ಯೀಸ್ಟ್ ನುಗ್ಗಿದೆ ಅಂತ ಅರ್ಥ. ಯಾವ ಯೀಸ್ಟ್ ಎಂಥದ್ದು ಅಂತ ನೋಡಲು ಸುಲಭದ ದಾರಿ ಇದೆ: ಸ್ವಲ್ಪ ವರ್ಟ್‌ಗೆ ಚಿಟಿಕೆ ಫೆರುಲಿಕ್ ಆಸಿಡ್ ಹಾಕಿ, ಯೀಸ್ಟ್ ಬಿಟ್ಟು, ಎರಡು ದಿನ ಕಳೆದು ಮೂಸಿ ನೋಡುವುದು.

ಬಾಳೆ

ಇದು ನನಗೆ ಕಷ್ಟವಾಗಲಿಲ್ಲ, ಚಿಕ್ಕದಾಗಿ ಬರೆಯುತ್ತೇನೆ. ವಸ್ತು ಐಸೋಅಮೈಲ್ ಅಸಿಟೇಟ್. ಮಾಗಿದ ಬಾಳೆಯಲ್ಲೂ ಇದೇ ಇದೆ, ಅಂಗಡಿಯ ಬನಾನಾ ಎಸೆನ್ಸ್ ಅಂದರೂ ಇದೇ. (ಬನ್ಸ್ ಹಿಟ್ಟಿನ ಪರಿಮಳಕ್ಕೆ ಹೋಲಿಸಬೇಡಿ, ಅಲ್ಲಿ ನಿಜವಾದ ಹಣ್ಣನ್ನೇ ಕಿವುಚಿ ಹಾಕಿರುತ್ತಾರೆ.) ಯೀಸ್ಟ್ ಬೆಳೆಯುವಾಗ ಅದರೊಳಗೆ ಐಸೋಅಮೈಲ್ ಆಲ್ಕೋಹಾಲ್ ಹುಟ್ಟುತ್ತದೆ. ಅದಕ್ಕೆ ಅಸಿಟೈಲ್ ಗುಂಪೊಂದನ್ನು ಜೋಡಿಸುವುದು ಎಟಿಎಫ್1 ಜೀನ್‌ನ ಎನ್ಝೈಮ್. ಮ್ಯಾಶ್‌ನ 44 ಡಿಗ್ರಿಗೂ ಇದಕ್ಕೂ ಸಂಬಂಧವಿಲ್ಲ. ಟ್ಯಾಂಕ್ ಬೆಚ್ಚಗಾದರೆ ಬಾಳೆ ಜಾಸ್ತಿ, ಯೀಸ್ಟ್ ಸ್ವಲ್ಪ ಕಡಿಮೆ ಹಾಕಿದರೂ ಜಾಸ್ತಿ. ವರ್ಟ್‌ಗೆ ಆಮ್ಲಜನಕ ಹೆಚ್ಚು ಕೊಟ್ಟರೆ ಎಟಿಎಫ್1 ಮಂಕಾಗುತ್ತದೆ. ಟ್ಯಾಂಕಿನ ಬಾಯಿ ಬೇಗ ಮುಚ್ಚಿ ಒತ್ತಡ ಏರಿಸಿದರೂ ಬಾಳೆ ಕಡಿಮೆ.

ಈಗ "ತಣ್ಣಗಿಟ್ಟರೆ ಲವಂಗ, ಬೆಚ್ಚಗಿಟ್ಟರೆ ಬಾಳೆ" ಅನ್ನುವ ತಕ್ಕಡಿಯ ಮಾತು. ಮೂರನೇ ಬ್ಯಾಚ್‌ಗೆ ಎರಡನೆಯದರದೇ ಮ್ಯಾಶ್, ಟ್ಯಾಂಕ್ ಮಾತ್ರ 20 ಡಿಗ್ರಿ. ಬಾಳೆ ಮುಂದೆ ಬಂತು, ಲವಂಗ ಹಿಂದೆ ಸರಿದ ಹಾಗೆ ಅನಿಸಿತು. ಆದರೆ ಗ್ಲಾಸನ್ನು ಸ್ವಲ್ಪ ಹೊತ್ತು ಇಟ್ಟು ಮತ್ತೆ ಮೂಸಿದರೆ ಲವಂಗ ಅಲ್ಲೇ ಇತ್ತು, ಬಾಳೆ ಅದನ್ನು ಮುಚ್ಚಿತ್ತು ಅಷ್ಟೇ. ಅಂದರೆ ತಕ್ಕಡಿ ಇರುವುದು ನಮ್ಮ ಮೂಗಿನಲ್ಲಿ. ಯೀಸ್ಟ್‌ನ ಒಳಗೆ ಇವು ಎರಡು ಬೇರೆ ಬೇರೆ ಕೆಲಸ, ಬೇರೆ ಬೇರೆ ಕಚ್ಚಾ ಸಾಮಾನು. ನೋಟ್‌ಬುಕ್‌ನ ಮೊದಲ ಪುಟವನ್ನು ಹೊಡೆದು ಹಾಕಿ ಹೀಗೆ ಬರೆದಿದ್ದೇನೆ: "ಲವಂಗಕ್ಕೆ ಮ್ಯಾಶ್, ಬಾಳೆಗೆ ಟ್ಯಾಂಕ್."

ಬೆಚ್ಚಗಿಡುವುದಕ್ಕೂ ಲೆಕ್ಕ ಬೇಕು, ಅದರಲ್ಲೂ ನಮ್ಮ ಊರಿನಲ್ಲಿ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಕೂಲಿಂಗ್ ನಿಂತು ಟ್ಯಾಂಕ್ 27 ಡಿಗ್ರಿ ಮುಟ್ಟಿತ್ತು. ಮರುದಿನ ಮೂಸಿದರೆ ಬಾಳೆಯ ಜೊತೆ ನೈಲ್ ಪಾಲಿಶ್ ವಾಸನೆ, ಅದು ಈಥೈಲ್ ಅಸಿಟೇಟ್, ಕುಡಿದರೆ ಗಂಟಲಲ್ಲಿ ಉರಿ. ಒಮ್ಮೆ ಬಂದ ಮೇಲೆ ಅದನ್ನು ತೆಗೆಯುವ ಉಪಾಯ ನಮ್ಮಲ್ಲಿ ಇರಲಿಲ್ಲ, ಪೂರ್ತಿ ಟ್ಯಾಂಕ್ ಚರಂಡಿಗೆ ಹೋಯಿತು.