ಬ್ರೇಕ್‌ಈವನ್ ಹಣದುಬ್ಬರ ದರ: ಎರಡು ಬಾಂಡ್‌ಗಳ ನಡುವಿನ ಅಂತರ

‘ಮುಂದಿನ ಹತ್ತು ವರ್ಷ ಹಣದುಬ್ಬರ ಶೇ 2.3ರಷ್ಟು ಇರಲಿದೆ ಎಂದು ಮಾರುಕಟ್ಟೆ ಅಂದಾಜಿಸಿದೆ’ ಎಂಬಂಥ ಸಾಲು ಅಮೆರಿಕದ ಆರ್ಥಿಕ ಸುದ್ದಿಗಳಲ್ಲಿ ಆಗಾಗ ಬರುತ್ತದೆ. ಯಾರೋ ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿ ಹೇಳಿದ ಸಂಖ್ಯೆ ಅದಲ್ಲ. ಒಂದೇ ಸರ್ಕಾರ ಹೊರಡಿಸಿದ, ಒಂದೇ ಅವಧಿಯ ಎರಡು ಬಗೆಯ ಬಾಂಡ್‌ಗಳ ಯೀಲ್ಡ್‌ನಲ್ಲಿ, ಅಂದರೆ ಇಂದಿನ ಬೆಲೆಗೆ ಕೊಂಡರೆ ವರ್ಷಕ್ಕೆ ಸಿಗುವ ಪ್ರತಿಫಲದಲ್ಲಿ, ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿಯುವ ಅಂತರ ಅದು. ಅದನ್ನೇ ಬ್ರೇಕ್‌ಈವನ್ ಹಣದುಬ್ಬರ ದರ ಎನ್ನುತ್ತಾರೆ.

ಮೊದಲನೆಯದು ಸಾಮಾನ್ಯ ಸರ್ಕಾರಿ ಬಾಂಡ್. ಇದರಲ್ಲಿ ಬಡ್ಡಿಯೂ ನಿಗದಿ, ಅವಧಿ ಮುಗಿದಾಗ ಬರುವ ಅಸಲೂ ನಿಗದಿ. ಅಷ್ಟರಲ್ಲಿ ಬೆಲೆಗಳು ಎಷ್ಟೇ ಏರಿರಲಿ, ಬರುವ ಹಣ ಅಷ್ಟೇ. ಎರಡನೆಯದು ಹಣದುಬ್ಬರಕ್ಕೆ ಜೋಡಿಸಿದ ಬಾಂಡ್. ಅಮೆರಿಕ ಇದನ್ನು 1997ರಲ್ಲಿ ಆರಂಭಿಸಿತು. ಅಲ್ಲಿ ಅದರ ಚಿಕ್ಕ ಹೆಸರು ಟಿಪ್ಸ್. ಗ್ರಾಹಕ ಬೆಲೆ ಸೂಚ್ಯಂಕ ಏರಿದಂತೆ ಇದರ ಅಸಲನ್ನೇ ಏರಿಸುತ್ತಾ ಹೋಗುತ್ತಾರೆ, ಏರಿದ ಅಸಲಿನ ಮೇಲೆ ಬಡ್ಡಿ ಕೊಡುತ್ತಾರೆ. ಹಾಗಾಗಿ ಟಿಪ್ಸ್‌ನ ಯೀಲ್ಡ್ ಶೇ 2 ಎಂದರೆ ಹಣದುಬ್ಬರವನ್ನು ಬಿಟ್ಟು, ಅದರ ಮೇಲೆ ಶೇ 2 ಸಿಗುತ್ತದೆ ಎಂದರ್ಥ.

ಈಗ ಒಂದು ಲೆಕ್ಕ ಮಾಡೋಣ. ಹತ್ತು ವರ್ಷದ ಸಾಮಾನ್ಯ ಬಾಂಡ್‌ನ ಯೀಲ್ಡ್ ಶೇ 4.30, ಹತ್ತು ವರ್ಷದ ಟಿಪ್ಸ್‌ನದು ಶೇ 2.00 ಎಂದಿಟ್ಟುಕೊಳ್ಳಿ. ಅಂತರ 2.30. ನಿಖರವಾಗಿ ಬೇಕೆಂದರೆ ಕಳೆಯುವ ಬದಲು ಭಾಗಿಸಬೇಕು:

```
(1 + 0.0430) / (1 + 0.0200) - 1 = 0.0225
```

ಅಂದರೆ ಶೇ 2.25. ವ್ಯತ್ಯಾಸ ಅತ್ಯಲ್ಪವಾದ್ದರಿಂದ ಬಳಕೆಯಲ್ಲಿ ಸುಮ್ಮನೆ ಕಳೆದುಬಿಡುತ್ತಾರೆ. ಅಮೆರಿಕದ ಆರ್ಥಿಕ ಅಂಕಿಅಂಶಗಳ FRED ತಾಣದಲ್ಲಿ T10YIE ಎಂಬ ಹೆಸರಿನಲ್ಲಿ ದಿನದಿನವೂ ಸಿಗುವ ಸಂಖ್ಯೆಯೂ ಹೀಗೆ ಕಳೆದು ಬಂದದ್ದೇ.

ಈ ಎರಡರಲ್ಲೂ ತಲಾ 1,000 ಡಾಲರ್ ಹಾಕಿ, ಬಂದ ಬಡ್ಡಿಯನ್ನು ಅದೇ ದರದಲ್ಲಿ ಮತ್ತೆ ತೊಡಗಿಸುತ್ತಾ ಹೋದರೆ ಸಾಮಾನ್ಯ ಬಾಂಡ್ ಹತ್ತು ವರ್ಷಕ್ಕೆ ಸುಮಾರು 1,523 ಡಾಲರ್ ಆಗುತ್ತದೆ. ಟಿಪ್ಸ್ ಎಷ್ಟಾಗುತ್ತದೆ ಎಂಬುದು ಹಣದುಬ್ಬರದ ಕೈಯಲ್ಲಿದೆ. ಸರಾಸರಿ ಶೇ 3 ಇದ್ದರೆ 1,638, ಶೇ 1.5 ಇದ್ದರೆ 1,415. ಶೇ 2.25ರಲ್ಲಿ ಮಾತ್ರ ಎರಡೂ ಸಮವಾಗುತ್ತವೆ. ಹಣದುಬ್ಬರ ಅದಕ್ಕಿಂತ ಹೆಚ್ಚಾದರೆ ಟಿಪ್ಸ್ ಕೊಂಡವರಿಗೆ ಲಾಭ, ಕಡಿಮೆಯಾದರೆ ಸಾಮಾನ್ಯ ಬಾಂಡ್ ಕೊಂಡವರಿಗೆ. ಬ್ರೇಕ್‌ಈವನ್ ದರ ಖಚಿತವಾಗಿ ಹೇಳುವುದು ಇಷ್ಟನ್ನೇ.

ಇಲ್ಲಿಂದ ‘ಮಾರುಕಟ್ಟೆ ಇದನ್ನೇ ನಿರೀಕ್ಷಿಸುತ್ತಿದೆ’ ಎಂಬ ತೀರ್ಮಾನಕ್ಕೆ ನೆಗೆಯುವಾಗ ಎಚ್ಚರ ಬೇಕು. ಆ ಅಂತರದಲ್ಲಿ ನಿರೀಕ್ಷೆಯ ಜೊತೆಗೆ ಇನ್ನೆರಡು ಅಂಶಗಳು ಬೆರೆತಿರುತ್ತವೆ. ಮೊದಲನೆಯದು ಅಪಾಯದ ಬೆಲೆ. ಹಣದುಬ್ಬರ ಊಹೆಗೂ ಮೀರಿ ಏರಿದರೆ ಪೆಟ್ಟು ಬೀಳುವುದು ಸಾಮಾನ್ಯ ಬಾಂಡ್ ಹಿಡಿದವರಿಗೆ. ಆ ಭಯಕ್ಕೆ ಅವರು ಸ್ವಲ್ಪ ಹೆಚ್ಚು ಯೀಲ್ಡ್ ಕೇಳುತ್ತಾರೆ, ಅದರಿಂದ ಅಂತರ ಹಿಗ್ಗುತ್ತದೆ. ಎರಡನೆಯದು ಮಾರಾಟದ ಸುಲಭ. ಸಾಮಾನ್ಯ ಬಾಂಡನ್ನು ಎಷ್ಟು ಹೊತ್ತಿಗಾದರೂ, ಎಷ್ಟು ದೊಡ್ಡ ಮೊತ್ತಕ್ಕಾದರೂ ಮಾರಬಹುದು. ಟಿಪ್ಸ್‌ಗೆ ಅಷ್ಟು ಗಿರಾಕಿಗಳಿಲ್ಲ. ಆ ತೊಡಕಿಗಾಗಿ ಟಿಪ್ಸ್ ಕೊಳ್ಳುವವರೂ ಸ್ವಲ್ಪ ಹೆಚ್ಚು ಯೀಲ್ಡ್ ಕೇಳುತ್ತಾರೆ, ಆಗ ಅಂತರ ಕುಗ್ಗುತ್ತದೆ. ಮಾಮೂಲಿ ದಿನಗಳಲ್ಲಿ ಈ ಎರಡು ಒಂದನ್ನೊಂದು ಒಂದಿಷ್ಟು ಸರಿದೂಗಿಸುತ್ತವೆ. ಗಾಬರಿಯ ದಿನಗಳಲ್ಲಿ ಹಾಗಾಗುವುದಿಲ್ಲ.

ಇದಕ್ಕೆ 2008ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಆ ವರ್ಷದ ಮಧ್ಯದಲ್ಲಿ ಅಮೆರಿಕದ ಹತ್ತು ವರ್ಷದ ಬ್ರೇಕ್‌ಈವನ್ ದರ ಶೇ 2.5ರ ಆಸುಪಾಸಿನಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ದೊಡ್ಡ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿಯಾಯಿತು. ನವೆಂಬರ್ ಕೊನೆಯ ಹೊತ್ತಿಗೆ ಆ ದರ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು. ಐದು ವರ್ಷದ ದರವಂತೂ ಸೊನ್ನೆಗಿಂತ ಬಹಳ ಕೆಳಗೆ ಹೋಯಿತು. ಅಕ್ಷರಶಃ ಓದಿದರೆ, ಅಮೆರಿಕದಲ್ಲಿ ಹತ್ತು ವರ್ಷ ಬೆಲೆಗಳು ಏರುವುದೇ ಇಲ್ಲ ಎಂದು ಮಾರುಕಟ್ಟೆ ನಂಬಿದಂತಾಯಿತು.

ನಡೆದದ್ದು ಬೇರೆ. ಭಯಗೊಂಡ ಹಣವೆಲ್ಲ ಸುಲಭವಾಗಿ ಮಾರಬಹುದಾದ ಸಾಮಾನ್ಯ ಸರ್ಕಾರಿ ಬಾಂಡ್‌ಗಳಿಗೆ ನುಗ್ಗಿತು, ಅವುಗಳ ಬೆಲೆ ಏರಿ ಯೀಲ್ಡ್ ಕುಸಿಯಿತು. ಅದೇ ಹೊತ್ತಿಗೆ ನಗದು ಬೇಕಾದವರು ಟಿಪ್ಸ್ ಮಾರತೊಡಗಿದರು. ಸಾಲಕ್ಕೆ ಅಡಮಾನವಾಗಿ ಲೀಮನ್ ಇಟ್ಟಿದ್ದ ಟಿಪ್ಸ್ ಕೂಡ ಮಾರುಕಟ್ಟೆಗೆ ಬಂದು ಬಿತ್ತು. ಕೊಳ್ಳುವವರಿಲ್ಲದೆ ಅವುಗಳ ಬೆಲೆ ಇಳಿಯಿತು, ಯೀಲ್ಡ್ ಏರಿತು. ಅಂತರ ಹೀಗೆ ಎರಡೂ ಕಡೆಯಿಂದ ಮುಚ್ಚಿತು. ಆರ್ಥಿಕ ಹಿಂಜರಿತದಿಂದ ನಿರೀಕ್ಷೆ ಒಂದಿಷ್ಟು ತಗ್ಗಿದ್ದು ನಿಜ, ಆದರೆ ಈ ಮಟ್ಟದ ಕುಸಿತಕ್ಕೆ ಅದೊಂದೇ ಕಾರಣವಾಗಿರಲಿಲ್ಲ.

ಆಗಲೇ ಇದನ್ನು ಗುರುತಿಸಲು ಸಾಧ್ಯವಿತ್ತು. ವೃತ್ತಿಪರ ಮುನ್ಸೂಚಕರ ಸಮೀಕ್ಷೆಯಲ್ಲಿ ಹತ್ತು ವರ್ಷದ ಹಣದುಬ್ಬರದ ಅಂದಾಜು ಶೇ 2.5ರ ಬಳಿಯೇ ಇತ್ತು. ಬಾಂಡ್ ಕೊಳ್ಳದೆಯೇ ಹಣದುಬ್ಬರದ ಮೇಲೆ ಒಪ್ಪಂದ ಮಾಡಿಕೊಳ್ಳುವ ಸ್ವಾಪ್ ಮಾರುಕಟ್ಟೆಯ ದರವೂ ಬ್ರೇಕ್‌ಈವನ್‌ಗಿಂತ ಸಾಕಷ್ಟು ಮೇಲಿತ್ತು. ಈ ಮೂರೂ ಒಟ್ಟಿಗೆ ಇಳಿದರೆ ನಿರೀಕ್ಷೆಯೇ ಬದಲಾಗಿದೆ ಎನ್ನಲು ಆಧಾರವಿದೆ. ಬಾಂಡ್‌ಗಳ ಅಂತರ ಮಾತ್ರ ಕುಸಿದು ಉಳಿದವು ಅಷ್ಟಾಗಿ ಕದಲದಿದ್ದರೆ ತೊಂದರೆ ಬಾಂಡ್ ಮಾರುಕಟ್ಟೆಯಲ್ಲೇ ಇದೆ. ಕೊನೆಗೆ 2008ರ ನವೆಂಬರ್‌ನಿಂದ ಹತ್ತು ವರ್ಷಗಳಲ್ಲಿ ಅಮೆರಿಕದ ಗ್ರಾಹಕ ಬೆಲೆಗಳು ವರ್ಷಕ್ಕೆ ಸರಾಸರಿ ಸುಮಾರು ಶೇ 1.7ರಂತೆ ಏರಿದವು. ಆ ನವೆಂಬರ್‌ನಲ್ಲಿ ಧೈರ್ಯ ಮಾಡಿ ಟಿಪ್ಸ್ ಕೊಂಡು ಕೊನೆಯವರೆಗೆ ಇಟ್ಟುಕೊಂಡವರಿಗೆ ಆ ಏರಿಕೆಯೆಲ್ಲ ಬಹುಪಾಲು ಲಾಭವೇ ಆಯಿತು.

2020ರ ಮಾರ್ಚ್‌ನಲ್ಲಿ, ಕೋವಿಡ್ ಗಾಬರಿಯ ನಡುವೆ, ಇದೇ ಆಟ ಮರುಕಳಿಸಿತು. ಹತ್ತು ವರ್ಷದ ದರ ಶೇ 0.5ರ ಹತ್ತಿರಕ್ಕೆ ಬಂದಿತ್ತು. 2022ರ ಏಪ್ರಿಲ್‌ನಲ್ಲಿ ಅದು ಶೇ 3ನ್ನು ಮುಟ್ಟಿತು.

ಅಂತರವನ್ನು ಓದುವಾಗ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಬಾಂಡನ್ನು ಯಾವ ಸೂಚ್ಯಂಕಕ್ಕೆ ಕಟ್ಟಿದ್ದಾರೆ? ಇದಕ್ಕೆ ಭಾರತದ್ದೇ ಪ್ರಕರಣವಿದೆ. 2013ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹತ್ತು ವರ್ಷದ ಹಣದುಬ್ಬರ ಸೂಚ್ಯಂಕಿತ ಬಾಂಡನ್ನು ಹರಾಜು ಹಾಕಿತು. ದರ ಶೇ 1.44ಕ್ಕೆ ನಿಂತಿತು. ಆಗ ಹತ್ತು ವರ್ಷದ ಸಾಮಾನ್ಯ ಬಾಂಡ್‌ನ ಯೀಲ್ಡ್ ಶೇ 7ಕ್ಕಿಂತ ತುಸು ಮೇಲಿತ್ತು. ಅಂತರ ಐದೂಮುಕ್ಕಾಲರ ಸುತ್ತಮುತ್ತ. ಆದರೆ ಆ ತಿಂಗಳುಗಳಲ್ಲಿ ಜನರ ಜೇಬಿಗೆ ತಟ್ಟುತ್ತಿದ್ದ ಗ್ರಾಹಕ ಬೆಲೆ ಏರಿಕೆ ಶೇ 9ನ್ನು ದಾಟಿತ್ತು. ಹಾಗಿದ್ದರೆ ಹೂಡಿಕೆದಾರರು ಹಣದುಬ್ಬರ ಬೇಗ ಇಳಿಯುತ್ತದೆಂದು ನಂಬಿದ್ದರೇ? ಹಾಗೆ ಹೇಳಲಾಗದು, ಏಕೆಂದರೆ ಆ ಬಾಂಡನ್ನು ಕಟ್ಟಿದ್ದು ಸಗಟು ಬೆಲೆ ಸೂಚ್ಯಂಕಕ್ಕೆ. ಅದರ ಏರಿಕೆ ಆಗ ಶೇ 5ರ ಆಸುಪಾಸಿನಲ್ಲಿತ್ತು. ಮನೆ ಬಾಡಿಗೆ, ಶಾಲೆಯ ಶುಲ್ಕ, ಆಸ್ಪತ್ರೆಯ ಖರ್ಚು ಸಗಟು ಸೂಚ್ಯಂಕದೊಳಗೆ ಬರುವುದೇ ಇಲ್ಲ. 2015ರಲ್ಲಿ ಕಚ್ಚಾ ತೈಲದ ಬೆಲೆ ಬಿದ್ದು ವರ್ಷಪೂರ್ತಿ ಸಗಟು ಹಣದುಬ್ಬರ ಸೊನ್ನೆಗಿಂತ ಕೆಳಗಿತ್ತು, ಗ್ರಾಹಕ ಬೆಲೆಗಳು ಮಾತ್ರ ಏರುತ್ತಲೇ ಇದ್ದವು.

ಆ ಬಗೆಯ ಬಾಂಡ್‌ಗಳ ವಹಿವಾಟು ಇಲ್ಲಿ ಬೆಳೆಯಲಿಲ್ಲ. ಹಾಗಾಗಿ ದಿನನಿತ್ಯ ನೋಡಿ ನಂಬಬಹುದಾದ ಬ್ರೇಕ್‌ಈವನ್ ದರ ಭಾರತಕ್ಕಿಲ್ಲ. ರಿಸರ್ವ್ ಬ್ಯಾಂಕ್ ಅದರ ಬದಲು ಮುನ್ಸೂಚಕರನ್ನು ಕೇಳುತ್ತದೆ, ಬೆಂಗಳೂರು ಸೇರಿದಂತೆ ಹಲವು ನಗರಗಳ ಮನೆಮನೆಗಳಲ್ಲಿ ಸಮೀಕ್ಷೆ ನಡೆಸುತ್ತದೆ. ಮನೆಯವರು ಹೇಳುವ ಅಂಕಿ ಸಾಮಾನ್ಯವಾಗಿ ಅಧಿಕೃತ ಹಣದುಬ್ಬರಕ್ಕಿಂತ ಮೇಲೇ ಇರುತ್ತದೆ. ಆದ್ದರಿಂದ ಅಲ್ಲಿ ನೋಡಬೇಕಾದದ್ದು ಅಂಕಿಯ ಮಟ್ಟಕ್ಕಿಂತ ಹೆಚ್ಚಾಗಿ, ಹಿಂದಿನ ಸುತ್ತಿಗಿಂತ ಅದು ಯಾವ ಕಡೆಗೆ ಸರಿದಿದೆ ಎಂಬುದನ್ನು.