ಸಾರ್ಟಿನೋ ಲೆಕ್ಕದಲ್ಲಿ ನಾನು ಬಿದ್ದ ಗುಂಡಿ: ಎರಡರಿಂದ ಭಾಗಿಸಬೇಕಾ, ಹತ್ತರಿಂದಲಾ?

ನಿನ್ನೆ ರಾತ್ರಿ ಶೀಟ್‌ನಲ್ಲಿ `#DIV/0!` ಅಂತ ಬಂತು. ಎಂಟು ತಿಂಗಳು ನಷ್ಟ ಮಾಡಿದ ಸ್ಟ್ರಾಟಜಿಗೆ ನಷ್ಟದ ಅಪಾಯ ಸೊನ್ನೆ ಎಂದು ನನ್ನ ಲೆಕ್ಕ ಹೇಳುತ್ತಿತ್ತು! ತಪ್ಪು ಎಲ್ಲಿದೆ ಅಂತ ಗೊತ್ತಾದದ್ದು ಇವತ್ತು ಬೆಳಿಗ್ಗೆ, ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ನಿಂತುಕೊಂಡು ಬರುವಾಗ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಶಾರ್ಪ್ ರೇಶಿಯೋ ನಿಮಗೆಲ್ಲ ಗೊತ್ತು. ವಿಲಿಯಂ ಶಾರ್ಪ್ 1966ರಲ್ಲಿ ಕೊಟ್ಟದ್ದು. ಸರಾಸರಿ ರಿಟರ್ನ್‌ನಲ್ಲಿ ರಿಸ್ಕ್ ಇಲ್ಲದೆ ಸಿಗುವ ದರವನ್ನು ಕಳೆದು, ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ ಭಾಗಿಸಿದರೆ ಆಯ್ತು. ಫ್ರಾಂಕ್ ಸಾರ್ಟಿನೋ ಹೆಸರಿನ ರೇಶಿಯೋದಲ್ಲಿ ಮೇಲೆ ಕಳೆಯುವುದು ನಮ್ಮ ಟಾರ್ಗೆಟ್ ದರವನ್ನು, ಕೆಳಗಿನ ಸಂಖ್ಯೆಯೂ ಬೇರೆ. ಅಲ್ಲಿ ಒಟ್ಟು ಏರಿಳಿತದ ಬದಲು, ನಮ್ಮ ಟಾರ್ಗೆಟ್‌ಗಿಂತ ಎಷ್ಟು ಕೆಳಗೆ ಬಿದ್ದೆವು ಎಂಬುದು ಬರುತ್ತದೆ. ಇಷ್ಟು ಓದುವಾಗ ಸುಲಭ ಅನಿಸಿತ್ತು.

ನಾನು ಮಾಡಿಕೊಂಡ ಉದಾಹರಣೆ

ಬೇಕಂತಲೇ ಕನ್ನಡಿಯಲ್ಲಿ ಕಂಡ ಹಾಗೆ ಎರಡು ಸ್ಟ್ರಾಟಜಿ ಮಾಡಿದೆ. ಎರಡಕ್ಕೂ ಹತ್ತು ತಿಂಗಳ ರಿಟರ್ನ್, ಶೇಕಡಾ ಲೆಕ್ಕದಲ್ಲಿ.

"ಟ್ರೆಂಡ್" ಎಂಬುದು ಸಣ್ಣ ಸ್ಟಾಪ್‌ಲಾಸ್ ಇಟ್ಟುಕೊಂಡು ದೊಡ್ಡ ಓಟಕ್ಕೆ ಕಾಯುವ ಥರದ್ದು. ಎಂಟು ತಿಂಗಳು −0.5, ಎರಡು ತಿಂಗಳು +9.5. "ಪ್ರೀಮಿಯಂ" ಎಂಬುದು ಆಪ್ಷನ್ ಮಾರಿ ಪ್ರೀಮಿಯಂ ತಿನ್ನುವ ಥರದ್ದು. ಎಂಟು ತಿಂಗಳು +3.5, ಎರಡು ತಿಂಗಳು −6.5.

ಎರಡರ ಸರಾಸರಿಯೂ ತಿಂಗಳಿಗೆ 1.5. ಸ್ಟ್ಯಾಂಡರ್ಡ್ ಡೀವಿಯೇಶನ್ ಎರಡಕ್ಕೂ ಸರಿಯಾಗಿ 4 (`STDEV.P` ಬಳಸಿದ್ದೇನೆ, `STDEV.S` ಹಾಕಿದರೆ 4.2 ಬರುತ್ತದೆ, ಗಾಬರಿ ಬೇಡ). ರಿಸ್ಕ್ ಇಲ್ಲದ ದರ ತಿಂಗಳಿಗೆ 0.5 ಎಂದಿಟ್ಟುಕೊಳ್ಳಿ. ಎರಡರ ಶಾರ್ಪ್ ಕೂಡ 1 ÷ 4, ಅಂದರೆ 0.25.

ಯಾಕೆ ಹೀಗೆ? ಟ್ರೆಂಡ್‌ನ ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡಿಸಿದರೆ 160 ಬರುತ್ತದೆ. ಅದರಲ್ಲಿ 128 ಬಂದದ್ದು ಲಾಭದ ಆ ಎರಡು ತಿಂಗಳಿಂದಲೇ. ಸರಾಸರಿಗಿಂತ 8 ಮೇಲೆ ಹೋದದ್ದಕ್ಕೆ ತಲಾ 64ರ ದಂಡ. ಪ್ರೀಮಿಯಂನಲ್ಲೂ ಅದೇ 128 ಇದೆ, ಆದರೆ ಅದು ಬಂದದ್ದು ನಷ್ಟದ ತಿಂಗಳುಗಳಿಂದ. ವರ್ಗ ಮಾಡಿದ ಮೇಲೆ ಪ್ಲಸ್ಸೂ ಒಂದೇ, ಮೈನಸ್ಸೂ ಒಂದೇ. ಶಾರ್ಪ್‌ಗೆ ಎರಡರ ನಡುವೆ ಭೇದವೇ ಕಾಣುವುದಿಲ್ಲ.

ಈಗ ಗುಂಡಿ

ಸಾರ್ಟಿನೋಗೆ ಟಾರ್ಗೆಟ್ ಕೂಡ 0.5 ಎಂದೇ ಇಟ್ಟೆ. ಟ್ರೆಂಡ್‌ನ ಎಂಟು ತಿಂಗಳು ಟಾರ್ಗೆಟ್‌ಗಿಂತ 1 ಕೆಳಗೆ. ಪ್ರೀಮಿಯಂನ ಎರಡು ತಿಂಗಳು 7 ಕೆಳಗೆ.

ನಾನು ಮಾಡಿದ ಮೊದಲ ತಪ್ಪು: ಕೆಳಗೆ ಬಿದ್ದ ತಿಂಗಳುಗಳನ್ನು ಮಾತ್ರ ಫಿಲ್ಟರ್ ಮಾಡಿ ಅವುಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದೆ. ಎಂಟೂ ಸಂಖ್ಯೆ −1. ಎಲ್ಲ ಒಂದೇ ಆದರೆ ಏರಿಳಿತ ಸೊನ್ನೆ ತಾನೇ? ಆ `#DIV/0!` ಹೀಗೆ ಬಂತು. ಪ್ರೀಮಿಯಂಗೂ ಅದೇ ಕತೆ. ಈ ಲೆಕ್ಕ ಅಳೆಯುವುದು ನಷ್ಟಗಳು ಒಂದಕ್ಕೊಂದು ಎಷ್ಟು ಭಿನ್ನ ಎಂಬುದನ್ನು. ನಮಗೆ ಬೇಕಾದದ್ದು ನಷ್ಟ ಟಾರ್ಗೆಟ್‌ನಿಂದ ಎಷ್ಟು ದೂರ ಎಂಬುದು. ಪ್ರತಿ ತಿಂಗಳೂ ತಪ್ಪದೆ 7 ಕಳೆದುಕೊಂಡರೂ ಈ ದಾರಿಯಲ್ಲಿ ಅಪಾಯ ಸೊನ್ನೆಯೇ!

ಎರಡನೇ ತಪ್ಪು ಇನ್ನೂ ಮೋಸದ್ದು, ಯಾಕಂದ್ರೆ ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ. ಟಾರ್ಗೆಟ್‌ನಿಂದಲೇ ಅಳೆದು ವರ್ಗ ಮಾಡಿದೆ, ಆದರೆ ಸರಾಸರಿಯನ್ನು ಕೆಳಗೆ ಬಿದ್ದ ತಿಂಗಳುಗಳ ಮೇಲೆ ಮಾತ್ರ ತೆಗೆದೆ. ಟ್ರೆಂಡ್‌ಗೆ ವರ್ಗಮೂಲ 1, ಪ್ರೀಮಿಯಂಗೆ 7. ಸಾರ್ಟಿನೋ 1.00 ಮತ್ತು 0.14. ಗೆಳತಿಯೊಬ್ಬಳಿಗೆ ಕಳಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಕಣೋ, ಪ್ರೀಮಿಯಂ ನೂರು ತಿಂಗಳಲ್ಲಿ ಎರಡೇ ಸಲ ಬಿದ್ದಿದ್ರೂ ನಿನ್ನ ಲೆಕ್ಕದಲ್ಲಿ 7 ತಾನೇ ಬರೋದು?"

ಹೌದು, 7 ತಾನೇ. ಹತ್ತರಲ್ಲಿ ಎರಡಾದರೂ 7, ನೂರರಲ್ಲಿ ಎರಡಾದರೂ 7. ಎಷ್ಟು ಸಲ ಬಿದ್ದಿದೆ ಎಂಬುದೇ ಲೆಕ್ಕದಿಂದ ಮಾಯ.

ಮೆಟ್ರೋದಲ್ಲಿ ತಲೆಗೆ ಹೊಳೆದದ್ದು ಇದು. ಹತ್ತು ದಿನದಲ್ಲಿ ಎರಡು ದಿನ ನಾನು ಆಫೀಸಿಗೆ 20 ನಿಮಿಷ ತಡ. ಮ್ಯಾನೇಜರ್ "ಸರಾಸರಿ ಎಷ್ಟು ತಡ" ಎಂದು ಕೇಳಿದರೆ 40 ನಿಮಿಷವನ್ನು ಹತ್ತು ದಿನಕ್ಕೆ ಹಂಚುತ್ತೇನೆ, ಎರಡಕ್ಕಲ್ಲ. ಉಳಿದ ಎಂಟು ದಿನ ತಡ ಸೊನ್ನೆ, ಆದರೆ ಆ ದಿನಗಳೂ ಲೆಕ್ಕದಲ್ಲಿವೆ. ಅರ್ಧ ಗಂಟೆ ಮೊದಲೇ ಬಂದ ದಿನವೂ ಸೊನ್ನೆಯೇ, ಅದಕ್ಕೆ ಬಹುಮಾನವಿಲ್ಲ. ಸಾರ್ಟಿನೋ ಮಾಡುವುದೂ ಇದನ್ನೇ, ವರ್ಗ ಒಂದು ಹೆಚ್ಚಿಗೆ ಅಷ್ಟೇ.

ಶೀಟ್‌ನಲ್ಲಿ ಫಿಲ್ಟರ್ ಮುಟ್ಟದೆ ಹೀಗೆ ಮಾಡಿ. ರಿಟರ್ನ್ B ಕಾಲಂನಲ್ಲಿದ್ದರೆ ಮೊದಲ ಸಾಲನ್ನು D2ರಲ್ಲಿ ಹಾಕಿ D11ರವರೆಗೆ ಎಳೆಯಿರಿ, ಎರಡನೆಯದನ್ನು ಬೇರೆ ಸೆಲ್‌ನಲ್ಲಿ ಹಾಕಿ:

```
=MIN(B2-0.5,0)^2
=SQRT(AVERAGE(D2:D11))
```

`MIN` ಒಳ್ಳೆಯ ತಿಂಗಳುಗಳನ್ನು ಅಳಿಸುವುದಿಲ್ಲ, ಸೊನ್ನೆ ಮಾಡುತ್ತದೆ. ಇಡೀ ಗುಟ್ಟು ಇಲ್ಲೇ ಇದೆ. ಟ್ರೆಂಡ್: 8 ÷ 10, ವರ್ಗಮೂಲ 0.89, ಸಾರ್ಟಿನೋ 1.12. ಪ್ರೀಮಿಯಂ: 98 ÷ 10, ವರ್ಗಮೂಲ 3.13, ಸಾರ್ಟಿನೋ 0.32. ಶಾರ್ಪ್‌ನಲ್ಲಿ ಸಮ, ಇಲ್ಲಿ ಮೂರೂವರೆ ಪಟ್ಟು ಅಂತರ.

ಟಾರ್ಗೆಟ್ ಬಗ್ಗೆ ಚಿಕ್ಕದಾಗಿ

ಕೆಲವರು ಟಾರ್ಗೆಟ್ ಸೊನ್ನೆ ಎಂದು ಹಿಡಿಯುತ್ತಾರೆ. ಹಾಗೆ ಮಾಡಿದರೆ ಟ್ರೆಂಡ್ 1.12ರಿಂದ 3.35ಕ್ಕೆ ಹಾರುತ್ತದೆ, ಪ್ರೀಮಿಯಂ 0.52 ಆಗುತ್ತದೆ. ಅದೇ ರಿಟರ್ನ್, ಅದೇ ತಿಂಗಳು. ಹಾಗಾಗಿ ಒಬ್ಬರ ಸಾರ್ಟಿನೋವನ್ನು ಇನ್ನೊಬ್ಬರದಕ್ಕೆ ಹೋಲಿಸುವ ಮೊದಲು ಟಾರ್ಗೆಟ್ ಕೇಳಿ. ತಿಂಗಳ ಲೆಕ್ಕವೋ, √12ರಿಂದ ಗುಣಿಸಿದ ವರ್ಷದ ಲೆಕ್ಕವೋ ಅಂತಲೂ ಕೇಳಿ.

ಹಾಗಾದ್ರೆ ಟ್ರೆಂಡ್ ಗೆದ್ದಿತಾ?

ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದೊಂದು ತಿಂಗಳು ಬದಲಿಸಿ ನೋಡಿದೆ. ಪ್ರೀಮಿಯಂನ ಎರಡನೇ ಪೆಟ್ಟು ಇನ್ನೂ ಬಿದ್ದಿಲ್ಲ, ಆ ತಿಂಗಳೂ +3.5 ಎಂದುಕೊಳ್ಳಿ. ಸಾರ್ಟಿನೋ 0.32ರಿಂದ 0.90ಕ್ಕೆ ಏರುತ್ತದೆ. ಪೆಟ್ಟು ಒಂದೂ ಬೀಳದಿದ್ದರೆ ಮತ್ತೆ `#DIV/0!`, ಈ ಸಲ ಸರಿಯಾದ ಸೂತ್ರದಲ್ಲೇ. ಕಡಿಮೆ ತಿಂಗಳ ಡೇಟಾ ಇರುವ ಆಪ್ಷನ್ ಮಾರುವವರ ಸಾರ್ಟಿನೋ ಅಷ್ಟು ಚೆಂದ ಕಾಣುವುದಕ್ಕೆ ಕಾರಣ ಇದೇ.

ಇನ್ನು ಟ್ರೆಂಡ್. ಅದರ ಎರಡು ದೊಡ್ಡ ತಿಂಗಳಲ್ಲಿ ಒಂದನ್ನು ತೆಗೆದು −0.5 ಹಾಕಿದೆ. ಕೆಳಗಿನ ಸಂಖ್ಯೆ 0.89 ಇದ್ದದ್ದು 0.95 ಆಯ್ತು, ಏನೂ ಆಗದ ಹಾಗೆ. ಆದರೆ ಸರಾಸರಿ 1.5ರಿಂದ 0.5ಕ್ಕೆ ಇಳಿದು ಟಾರ್ಗೆಟ್‌ಗೆ ಸಮವಾಯಿತು. ಸಾರ್ಟಿನೋ ಸೊನ್ನೆ! ಆ 1.12 ಪೂರ್ತಿ ಎರಡು ತಿಂಗಳ ಮೇಲೆ ನಿಂತಿತ್ತು. ಮೇಲಿನ ಏರಿಳಿತವನ್ನು ಸಾರ್ಟಿನೋ ಕ್ಷಮಿಸುತ್ತದೆ ನಿಜ, ಆದರೆ ಆ ಏರು ಮತ್ತೆ ಬರುತ್ತದಾ ಅಂತ ಅದು ಕೇಳುವುದೇ ಇಲ್ಲ. ಶಾರ್ಪ್ ಅಷ್ಟು ದಂಡ ಹಾಕಿದ್ದು ಸುಮ್ನೆ ಅಲ್ಲವೇನೋ ಅಂತ ಈಗ ಅನಿಸುತ್ತಿದೆ.

ನನ್ನ ಶೀಟ್‌ನಲ್ಲಿ ಈಗ ಪ್ರತಿ ಸಾರ್ಟಿನೋ ಪಕ್ಕ ಮೂರು ಕಾಲಂ ಇವೆ: ಟಾರ್ಗೆಟ್‌ಗಿಂತ ಕೆಳಗಿದ್ದ ತಿಂಗಳು ಎಷ್ಟು, ಅತಿ ಒಳ್ಳೆಯ ತಿಂಗಳು ತೆಗೆದರೆ ಎಷ್ಟು, ಅತಿ ಕೆಟ್ಟ ತಿಂಗಳು ಇನ್ನೊಂದು ಸಲ ಬಂದರೆ ಎಷ್ಟು. ಗೆಳತಿ ನಾಲ್ಕನೆಯದನ್ನು ಕೇಳುತ್ತಿದ್ದಾಳೆ: ಎಂಟು ನಷ್ಟವೂ ಸಾಲಾಗಿ ಬಂದರೆ? ತಿಂಗಳುಗಳ ಕ್ರಮ ಬದಲಾದರೂ ಈ ಎರಡು ರೇಶಿಯೋ ಅಲ್ಲಾಡುವುದಿಲ್ಲ. ಅದಕ್ಕೆ ಡ್ರಾಡೌನ್ ನೋಡಬೇಕು. ಆ ಅಧ್ಯಾಯ ಇನ್ನೂ ಓದಿಲ್ಲ.