ಮೂವತ್ತೊಂದು ದಿನ, ಮೂವತ್ತೊಂದು ಗಾದೆ: ಮಾತು ಮರುಕಳಿಸದಂತೆ ತಿಂಗಳು ಜೋಡಿಸುವುದು

ದಿನಕ್ಕೊಂದು ಗಾದೆ ಹಾಕುವ ಕ್ಯಾಲೆಂಡರಿನಲ್ಲಿ ಒಂದೇ ಗಾದೆ ಎರಡು ಸಲ ಬರುವುದು ಅಪರೂಪ. ಅದನ್ನು ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಆದರೂ ಹತ್ತು ದಿನ ಓದುವಷ್ಟರಲ್ಲಿ "ಎಲ್ಲಾ ಒಂದೇ ಥರ ಇದೆಯಲ್ಲ" ಅನ್ನಿಸಿಬಿಡುತ್ತದೆ. ಶಿವಮೊಗ್ಗದಲ್ಲಿ ಕ್ಯಾಲೆಂಡರುಗಳಿಗೆ ಬರಹ ಜೋಡಿಸಿಕೊಡುವುದು ನನ್ನ ಕೆಲಸ. ಹೀಗೆ ಅನ್ನಿಸುವುದಕ್ಕೆ ಗಾದೆಗಳಿಗಿಂತ ಅವನ್ನು ಕೂರಿಸಿದ ಜಾಗವೇ ಜಾಸ್ತಿ ಕಾರಣ. 2027ರ ಜುಲೈ ಹಾಳೆಯನ್ನು ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸಂಘಕ್ಕೆ ಜೋಡಿಸಿದ್ದು.

ಸಂಘದ ಕಾರ್ಯದರ್ಶಿ ಮೊದಲೇ ಒಂದು ಸಲಹೆ ಕೊಟ್ಟಿದ್ದರು. "ಮೇಡಂ, ಸೋಮವಾರ ದುಡಿಮೆ, ಮಂಗಳವಾರ ಮಾತು, ಬುಧವಾರ ಮನೆ ಅಂತ ಏಳು ದಿನಕ್ಕೆ ಏಳು ವಿಷಯ ಇಟ್ಟರೆ ಸುಲಭ ಅಲ್ವಾ?" ಹೆಚ್ಚಿನವರಿಗೆ ಮೊದಲು ಹೊಳೆಯುವುದು ಇದೇ. ಕಾಗದದ ಮೇಲೆ ಬರೆದು ನೋಡಿದರೆ ತೊಂದರೆ ಕಾಣುತ್ತದೆ. ನಮ್ಮ ಗೋಡೆ ಕ್ಯಾಲೆಂಡರುಗಳಲ್ಲಿ ಸಾಮಾನ್ಯವಾಗಿ ವಾರದ ಹೆಸರುಗಳು ಎಡಗಡೆ ಮೇಲಿಂದ ಕೆಳಗೆ ಇರುತ್ತವೆ. ಒಂದು ಸೋಮವಾರದ ಪಕ್ಕದಲ್ಲೇ ಮುಂದಿನ ಸೋಮವಾರ. ವಾರಕ್ಕೊಂದು ವಿಷಯ ಕಟ್ಟಿದರೆ ದುಡಿಮೆಯ ಗಾದೆಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. "ಕೈ ಕೆಸರಾದರೆ ಬಾಯಿ ಮೊಸರು" ಓದಿದ ಕಣ್ಣು ಪಕ್ಕಕ್ಕೆ ಸರಿದರೆ ಅಲ್ಲೂ ದುಡಿಮೆ, ಅದರಾಚೆಗೂ ದುಡಿಮೆ.

ಒಂದು ದಿನದ ಚೌಕಕ್ಕೆ ಮೇಲೆ ಕೆಳಗೆ ತಾಗುವುದು ಹಿಂದಿನ ಮತ್ತು ಮರುದಿನ. ಪಕ್ಕದಲ್ಲಿ ತಾಗುವುದು ಏಳು ದಿನ ಹಿಂದಿನದು, ಏಳು ದಿನ ಮುಂದಿನದು. ಮೂಲೆಗೆ ತಾಗುವುದು ಆರು ಮತ್ತು ಎಂಟು ದಿನ ದೂರದವು. ಹಾಗಾಗಿ ಆರು, ಏಳು, ಎಂಟು ವಿಷಯಗಳ ಸರದಿ ಯಾವುದೂ ಬೇಡ. ಐದು ವಿಷಯಗಳ ಸರದಿ ಇಟ್ಟರೆ ಅದೇ ವಿಷಯ ಐದು, ಹತ್ತು, ಹದಿನೈದು ದಿನಕ್ಕೆ ಬರುತ್ತದೆ. ಪಕ್ಕದಲ್ಲೂ ಇಲ್ಲ, ಮೂಲೆಯಲ್ಲೂ ಇಲ್ಲ. ವಾರಕ್ಕೂ ಐದಕ್ಕೂ ತಾಳೆಯಾಗುವುದಿಲ್ಲವಾದ್ದರಿಂದ ಮುಂದಿನ ಗಾದೆ ಯಾವ ಬಗೆಯದು ಅಂತ ಓದುವವರಿಗೆ ಮೊದಲೇ ಗೊತ್ತಾಗುವುದೂ ಇಲ್ಲ.

ಐದು ವಿಷಯ ಯಾವುವು ಅನ್ನುವುದು ಊರಿನ ಮೇಲೆ ಹೋಗುತ್ತದೆ. ಮಲೆನಾಡಿನ ಹಾಳೆಗೆ ನಾನು ಇಟ್ಟುಕೊಂಡದ್ದು ಮನೆ-ನೆಂಟರು, ಕಲಿಕೆ-ಬುದ್ಧಿ, ದುಡಿಮೆ-ದುಡ್ಡು, ಮಾತು-ನಡತೆ, ಮಳೆ-ಬೆಳೆ. ಈ ಕ್ರಮವನ್ನು ನಾನು ಸುಮ್ನೆ ಆರಿಸಲಿಲ್ಲ, ದಿನ ಗೊತ್ತಾಗಿರುವ ಗಾದೆಗಳೇ ಆರಿಸಿದವು. ಯಾವ ತಿಂಗಳಾದರೂ ಮೊದಲು ಕೂರಿಸಬೇಕಾದ್ದು ಅವನ್ನೇ. ಜುಲೈ ಮೊದಲ ಶನಿವಾರ ಅಂತರರಾಷ್ಟ್ರೀಯ ಸಹಕಾರ ದಿನ. 2027ರಲ್ಲಿ ಅದು 3ನೇ ತಾರೀಕು. ಸಂಘದವರ ಕ್ಯಾಲೆಂಡರಿನಲ್ಲಿ ಅವತ್ತು "ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ" ಬಿಟ್ಟು ಬೇರೆ ಹಾಕುವುದು ಹೇಗೆ? ಹಾಗಾಗಿ 3 ದುಡಿಮೆ-ದುಡ್ಡಿನ ಪಾಲಾಯಿತು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅನ್ನುವ ಗಾದೆ ಆರಿದ್ರಾ ಮಳೆ ಇರುವಾಗಲೇ ಬರಬೇಕು. ಜುಲೈ 6ರ ಹೊತ್ತಿಗೆ ಪುನರ್ವಸು ಹುಟ್ಟಿಬಿಡುತ್ತದೆ. ಅದಾದ ಮೇಲೆ ಈ ಗಾದೆ ಕಂಡರೆ ನಮ್ಮ ಕಡೆಯ ರೈತರು "ಇದನ್ನು ಯಾರು ಮಾಡಿದ್ದು?" ಅಂತ ಕೇಳುತ್ತಾರೆ. ಅದಕ್ಕೆ 5 ಮಳೆ-ಬೆಳೆಯದಾಯಿತು.

ಮೂರನೆಯದು ತಕರಾರು ಮಾಡಿತು. 18ರ ಭಾನುವಾರ ಗುರುಪೂರ್ಣಿಮೆ. ಅವತ್ತು "ಹಿಂದೆ ಗುರು, ಮುಂದೆ ಗುರಿ" ಬೇಕು, ಅಂದರೆ ಕಲಿಕೆ. ಆದರೆ ಸರದಿಯ ಪ್ರಕಾರ 3, 8, 13 ಆದಮೇಲೆ 18 ಕೂಡ ದುಡಿಮೆಯದು. ಅದಲು ಬದಲು ಮಾಡಲೇಬೇಕು. ಯಾವ ದಿನದ ಜೊತೆ ಅನ್ನುವುದರಲ್ಲೇ ಕೆಲಸ ಕೆಡುವುದು. ಪಕ್ಕದ ದಿನದ ಜೊತೆ, ಅಂದರೆ 17ರ ಕಲಿಕೆಯ ಜೊತೆ ಬದಲಿಸಿದರೆ ವಿಷಯ ಒಂದೇ ದಿನ ಸರಿಯುತ್ತದೆ. ಐದರ ಅಂತರ ನಾಲ್ಕೋ ಆರೋ ಆಗುತ್ತದೆ. ಹೆಚ್ಚೆಂದರೆ ಮೂಲೆಗೆ ಮೂಲೆ ತಾಗೀತು, ಅದು ಕಣ್ಣಿಗೆ ಹೊಡೆಯುವುದಿಲ್ಲ. ಎರಡು ದಿನ ಸರಿಸಿದಿರೋ, ಒಂದು ಕಡೆ ಅಂತರ ಏಳಾಗಿ ಅದೇ ವಿಷಯ ನೇರ ಪಕ್ಕದ ಚೌಕಕ್ಕೆ ಬಂದು ಕೂರುತ್ತದೆ. ಆದ್ದರಿಂದ ಬದಲಿಸುವುದಿದ್ದರೆ ಪಕ್ಕದ ದಿನದ ಜೊತೆ ಮಾತ್ರ. ಅದೂ ಆಗದಿದ್ದರೆ ಆ ಗಾದೆಯನ್ನೇ ಬಿಡಿ, ಸರದಿ ಕೆಡಿಸಬೇಡಿ.

ಇಷ್ಟಾದರೆ ವಿಷಯ ಬೇರೆ ಬೇರೆ ಆಯಿತು. ಆದರೂ ಮರುಕಳಿಸಿದ ಭಾವ ಉಳಿಯಬಹುದು, ಯಾಕೆಂದರೆ ಓದುವವರ ಮನಸ್ಸಿನಲ್ಲಿ ನಿಲ್ಲುವುದು ವಿಷಯವಲ್ಲ, ಗಾದೆಯೊಳಗಿನ ಚಿತ್ರ. "ಮಾತು ಬೆಳ್ಳಿ, ಮೌನ ಬಂಗಾರ" ಮಾತಿನ ಗಾದೆ. "ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ದುಡ್ಡಿನದು. ನನ್ನ ಪಟ್ಟಿಯಲ್ಲಿ ಅವು ಬೇರೆ ಗುಂಪು. ಓದುವವರಿಗೆ ಎರಡರಲ್ಲೂ ಕಾಣುವುದು ಬಂಗಾರವೇ. ಜುಲೈ 4ಕ್ಕೆ ಮೊದಲನೆಯದನ್ನು ಇಟ್ಟೆ. ಎರಡನೆಯದನ್ನು 8ರಿಂದ ತೆಗೆದು 28ಕ್ಕೆ ಕಳಿಸಿದೆ. ನಾಯಿ, ಬೆಕ್ಕು, ಆನೆಯ ಗಾದೆಗಳು ನಮ್ಮಲ್ಲಿ ಎಷ್ಟೊಂದು! ಅದಕ್ಕೆ ಪ್ರತಿ ಗಾದೆಯ ಪಕ್ಕ ಅದರ ಚಿತ್ರವನ್ನು ಒಂದೇ ಪದದಲ್ಲಿ ಬರೆದುಕೊಳ್ಳುತ್ತೇನೆ: ನೀರು, ಚಿನ್ನ, ನಾಯಿ, ಊಟ, ಮರ. ಒಂದೇ ಪದ ಹತ್ತು ದಿನದೊಳಗೆ ಎರಡು ಸಲ ಬರಬಾರದು ಅನ್ನುವುದು ನನ್ನ ಗಡುವು.

ಮಳೆಗಾಲದ ಹಾಳೆಯಲ್ಲಿ ನೀರೇ ದೊಡ್ಡ ಕಾಟ. 4ಕ್ಕೆ ಮೊದಲು ಹಾಕಿದ್ದು "ತುಂಬಿದ ಕೊಡ ತುಳುಕುವುದಿಲ್ಲ" ಅಂತ. ನಡತೆಯ ಗಾದೆ, ವಿಷಯ ಸರಿಯಾಗಿತ್ತು. ಆದರೆ 3ರಲ್ಲಿ ಹನಿ-ಹಳ್ಳ, 4ರಲ್ಲಿ ಕೊಡ, 5ರಲ್ಲಿ ಆರಿದ್ರಾ ಮಳೆ. ಮೂರು ದಿನವೂ ನೀರು! ಈ ಸರದಿಯಲ್ಲಿ ಮಾತು-ನಡತೆಯ ಮರುದಿನ ಯಾವಾಗಲೂ ಮಳೆ-ಬೆಳೆಯೇ ಬರುವುದರಿಂದ, ಕೊಡವನ್ನು ಆ ಗುಂಪಿನಲ್ಲಿ ಎಲ್ಲಿಟ್ಟರೂ ಇದೇ ಪಾಡು. ಆಗ ಗಾದೆಯ ಗುಂಪನ್ನೇ ಬದಲಿಸಿದೆ. ತಿಳಿದವರು ಬಡಾಯಿ ಕೊಚ್ಚುವುದಿಲ್ಲ ಅನ್ನುವುದು ಅದರ ಹುರುಳು, ಹಾಗಾಗಿ ಕಲಿಕೆ-ಬುದ್ಧಿಗೂ ಹೊಂದುತ್ತದೆ. 7ಕ್ಕೆ ಕೂರಿಸಿದೆ. ಹತ್ತು ದಿನದ ಗಡುವು ಇಲ್ಲಿ ಮುರಿಯಿತು ನಿಜ, ಆದರೆ 7ರ ಸುತ್ತಲಿನ ಯಾವ ಚೌಕದಲ್ಲೂ ನೀರಿಲ್ಲ. ಗಡುವು ಮುರಿಯಲೇಬೇಕಾದರೆ ಹೀಗೆ, ಚೌಕಗಳು ತಾಗದ ಕಡೆ ಮುರಿಯಬೇಕು.

ಇದರ ತಿರುವು ಕೂಡ ಉಂಟು. "ಹಿತ್ತಲ ಗಿಡ ಮದ್ದಲ್ಲ" ಮತ್ತು "ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ". ಒಂದರಲ್ಲಿ ಗಿಡ, ಇನ್ನೊಂದರಲ್ಲಿ ಬೆಟ್ಟ. ಹೇಳುವುದು ಮಾತ್ರ ಒಂದೇ ಮಾತಿನ ಎರಡು ಮುಖ: ಹತ್ತಿರದ್ದಕ್ಕೆ ಬೆಲೆಯಿಲ್ಲ, ದೂರದ್ದಕ್ಕೆ ಮರುಳು. ಎರಡನ್ನೂ ಒಂದೇ ತಿಂಗಳಿಗೆ ಹಾಕುವುದಿಲ್ಲ. ಎದುರು ಮಾತುಗಳೂ ಹಾಗೇ. "ಮಾಡಿದ್ದುಣ್ಣೋ ಮಹಾರಾಯ" ಅಂದ ಮರುದಿನವೇ "ಹಣೆಬರಹಕ್ಕೆ ಹೊಣೆ ಯಾರು" ಅಂದರೆ ಓದುವವರು ಯಾವುದನ್ನು ನಂಬಬೇಕು?

ಇನ್ನು ಗಾದೆ ಮುಗಿಯುವ ರೀತಿ. "ಬೇಲಿಯೇ ಎದ್ದು ಹೊಲ ಮೇಯ್ದಂತೆ", "ರಾತ್ರಿ ಕಂಡ ಬಾವಿಗೆ ಹಗಲು ಬಿದ್ದಂತೆ" ಇಂಥವು ಮೂರು ದಿನ ಸಾಲಾಗಿ ಬಂದರೆ ವಿಷಯ, ಚಿತ್ರ ಎಲ್ಲಾ ಬೇರೆಯಿದ್ದರೂ ಕಿವಿಗೆ ಒಂದೇ ತಾಳ. 'ಅಂತೆ' ಎಂದು ಮುಗಿಯುವವನ್ನು ತಿಂಗಳಿಗೆ ನಾಲ್ಕಕ್ಕಿಂತ ಜಾಸ್ತಿ ಬಿಡುವುದಿಲ್ಲ, ಒಂದು ವಾರದಲ್ಲಿ ಎರಡು ಇರಕೂಡದು. ನಡುವೆ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಥರದ ಪ್ರಶ್ನೆ, "ಹಾಸಿಗೆ ಇದ್ದಷ್ಟು ಕಾಲು ಚಾಚು" ಥರದ ಬುದ್ಧಿಮಾತು, "ತಾಳಿದವನು ಬಾಳಿಯಾನು" ಥರದ ಪುಟ್ಟ ಮಾತು ಬರಬೇಕು. ಜೋಡಿಸಿ ಆದಮೇಲೆ ಕೊನೆಯ ಪದಗಳನ್ನು ಮಾತ್ರ ಮೇಲಿಂದ ಕೆಳಗೆ ಜೋರಾಗಿ ಓದಿ. ಎಲ್ಲಿ ತಾಳ ಅಂಟಿಕೊಂಡಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ದನಿಯನ್ನೂ ನೋಡಬೇಕು. ನಮ್ಮ ಗಾದೆಗಳಲ್ಲಿ ಗದರುವವೇ ಜಾಸ್ತಿ. ಆರಿಸುವಾಗ ಎಚ್ಚರ ತಪ್ಪಿದರೆ ಹಾಳೆ ತಿಂಗಳಿಡೀ ಮನೆಯವರನ್ನು ಗದರುತ್ತಲೇ ಇರುತ್ತದೆ. ಜಾತಿಯನ್ನೋ ಹೆಣ್ಣುಮಕ್ಕಳನ್ನೋ ಹೀಯಾಳಿಸುವ ಗಾದೆಗಳಿಗೆ ನನ್ನ ಪಟ್ಟಿಯಲ್ಲಿ ಜಾಗವೇ ಇಲ್ಲ. ಉಳಿದವುಗಳಲ್ಲೂ ಗದರಿಕೆ, ಸಮಾಧಾನ, ನಗು ಅಂತ ಗುರುತು ಹಾಕಿ, ಗದರುವವು ಎರಡು ದಿನ ಒಟ್ಟಿಗೆ ಬರದಂತೆ ನೋಡುತ್ತೇನೆ. ಜುಲೈಯಲ್ಲಿ ಇದು ಇನ್ನೂ ಮುಖ್ಯ. ಅಡಿಕೆ ತೋಟದವರು ಕೊಳೆರೋಗಕ್ಕೆ ಹೆದರಿ ಮಳೆ ಬಿಡುವು ಕೊಟ್ಟಾಗ ಬೋರ್ಡೋ ಸಿಂಪಡಿಸಲು ಓಡುವ ಕಾಲ ಅದು. ಆಗ ಅವರ ಗೋಡೆಯ ಮೇಲೆ ಬೆಳೆ ಹಾಳಾದ ಮಾತು ಬೇಡ. ಮೇಲೆ ಹೇಳಿದ ಬೇಲಿ-ಹೊಲದ ಗಾದೆಯನ್ನಂತೂ ಸಂಘದ ಕ್ಯಾಲೆಂಡರಿನಿಂದ ಪೂರ್ತಿ ತೆಗೆದೆ. ಸದಸ್ಯರ ಹಣ ಕಾಯುವ ಸಂಘದ ಹೆಸರಿನ ಕೆಳಗೆ ಆ ಮಾತು ಬೇರೆಯೇ ಅರ್ಥ ಕೊಡುತ್ತದೆ. ಬದಲಿಗೆ 6ರ ಮನೆ-ನೆಂಟರ ದಿನಕ್ಕೆ "ಉಪ್ಪಿಗಿಂತ ರುಚಿ ಬೇರೆ ಇಲ್ಲ, ತಾಯಿಗಿಂತ ಬಂಧು ಬೇರೆ ಇಲ್ಲ" ಬಂತು. ಆ ವರ್ಷ ಆಷಾಢ ಶುರುವಾಗುವುದು 5ಕ್ಕೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ಹೊತ್ತು. ನಗುವಿಗೆ 16ರಲ್ಲಿ "ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ" ಇದೆ.

ಚೌಕದಲ್ಲಿ ತಿಥಿ, ನಕ್ಷತ್ರ ಎಲ್ಲಾ ಕೂತ ಮೇಲೆ ಗಾದೆಗೆ ಉಳಿಯುವುದು ಎರಡು ಪುಟ್ಟ ಸಾಲು. ಸಾಲು ಮುರಿಯುವುದು ಬಾಯಲ್ಲಿ ನಿಲ್ಲಿಸುವ ಕಡೆಯೇ ಆಗಬೇಕು. 'ಕೈ ಕೆಸರಾದರೆ' ಒಂದು ಸಾಲು, 'ಬಾಯಿ ಮೊಸರು' ಇನ್ನೊಂದು. ಹಾಗೆ ಹಿಡಿಸದ ಗಾದೆಯನ್ನು ಅಕ್ಷರ ಚಿಕ್ಕದು ಮಾಡಿ ತುರುಕಬೇಡಿ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿ ಓದಲು ಆಗುವುದಿಲ್ಲ.

ತಿಂಗಳ ಕೊನೆಯಲ್ಲಿ ಒಂದು ಸಣ್ಣ ಗುಂಡಿ ಇದೆ. 31 ದಿನಕ್ಕೆ ಐದರ ಸರದಿ ಆರು ಸುತ್ತು ಮುಗಿದು ಒಂದು ದಿನ ಮಿಗುತ್ತದೆ. 31ರಂದು ಮತ್ತೆ ಮೊದಲ ವಿಷಯ, ಮನೆ-ನೆಂಟರು. ಆಗಸ್ಟನ್ನು ಹೊಸದಾಗಿ ಮೊದಲಿಂದ ಶುರು ಮಾಡಿದರೆ 1ಕ್ಕೂ ಮನೆ-ನೆಂಟರೇ. ಅದಕ್ಕೆ ಸರದಿಯನ್ನು ಮುಂದುವರಿಸಬೇಕು, 1ಕ್ಕೆ ಕಲಿಕೆ, 2ಕ್ಕೆ ದುಡಿಮೆ, 3ಕ್ಕೆ ಮಾತು. ಆಗ ಮಳೆ-ಬೆಳೆ 4ಕ್ಕೆ ಬರುತ್ತದೆ. ಆಶ್ಲೇಷಾ ಹುಟ್ಟುವುದು 3ರ ಹೊತ್ತಿಗೆ. ಹಾಗಾಗಿ "ಆಶ್ಲೇಷ ಮಳೆ, ಈಸಲಾರದ ಹೊಳೆ" ಯಾವ ಅದಲು ಬದಲೂ ಇಲ್ಲದೆ ಕೂತಿತು. ಮಳೆ-ಬೆಳೆಯ ಮುಂದಿನ ದಿನಗಳು 9, 14, 19. 17ರ ಸುಮಾರಿಗೆ ಮಘೆ ಬರುವುದರಿಂದ 19ಕ್ಕೆ "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು" ಇಟ್ಟೆ. ಇಟ್ಟ ಮೇಲೆ ಜುಲೈ ಹಾಳೆಗೆ ವಾಪಸ್ ಹೋಗಬೇಕಾಯಿತು. ಅಲ್ಲಿ 25ಕ್ಕೆ "ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ" ಇತ್ತು. ಅದೇ ಮಳೆ, ಅದೇ ಮಗ, ಅದೇ ಊಟ. ಮಘೆಯ ಗಾದೆಗೆ ದಿನ ಗೊತ್ತಾಗಿದೆ, ಇನ್ನೊಂದಕ್ಕೆ ಯಾವ ದಿನವಾದರೂ ಸರಿ. ಹಾಗಾಗಿ ಜುಲೈ 25ಕ್ಕೆ "ಬೆಳೆಯುವ ಪೈರು ಮೊಳಕೆಯಲ್ಲಿ" ಹಾಕಿ, ತೆಗೆದದ್ದನ್ನು ಮುಂದಿನ ವರ್ಷದ ಪಟ್ಟಿಗೆ ಸೇರಿಸಿದೆ.